‘ಕಳಪೆ’ ಎಂದರೆ ಸೊನ್ನೆ

ಮಾನ್ವಿಯ ವಿಶಾಖಾ ರಾಯಚೂರಿನ ಡಿಪ್ಲೊಮಾ ಕಾಲೇಜೊಂದರಲ್ಲಿ ಸಿವಿಲ್ ಪಾಠ ಹೇಳುತ್ತಾರೆ. ಅವರವ್ವ ಬಸವಂತಮ್ಮ ಕಾಂಕ್ರೀಟ್ ಬುಟ್ಟಿ ಹೊತ್ತವರು. ಮಗಳು ಅದೇ ಕಾಂಕ್ರೀಟಿನ ಮೇಲೆ ಉಪನ್ಯಾಸದ ಭಾರ ಹೊರಿಸಿದ್ದಾರೆ.

ದೇವದುರ್ಗದ ಕಡೆ ಹೊಸ ಬಸ್ ತಂಗುದಾಣದ ಚಾವಣಿಯ ಮುಂಚಾಚು, ಆಸರೆಗೆ ಕಟ್ಟಿದ್ದ ಸೆಂಟ್ರಿಂಗ್ ಬಿಚ್ಚಿದ ದಿನವೇ ಮುರಿದು ಬಿತ್ತು. ಕೆಳಗಿದ್ದ ಸೈಕಲ್ಲೊಂದು ಹಪ್ಪಳವಾಯಿತು. ‘ಮೇಸ್ತ್ರಿ ಪಕೀರಪ್ಪ ಸಿಮೆಂಟ್ ನುಂಗ್ಯಾನ’ ಎಂದಿತು ಊರು. ಅವನ ಮಗಳು ಸವಿತಾ ವಿಶಾಖಾರ ವಿದ್ಯಾರ್ಥಿನಿ. ಕ್ಲಾಸಿಗೆ ಬರುವುದನ್ನೇ ಬಿಟ್ಟಳು.

ವಿಶಾಖಾ ಹೋಗಿ ಫೋಟೋ ತೆಗೆದರು, ಕಾಂಕ್ರೀಟಿನ ತುಂಡು ಕೊರೆಸಿ ತಂದು ಎಷ್ಟು ಗಟ್ಟಿಯೆಂದು ಲ್ಯಾಬಿನಲ್ಲಿ ಒತ್ತಿಸಿ ನೋಡಿದರು. ಆಮೇಲೆ ಸವಿತಾಗೆ ಫೋನ್: “ಇದರ ಮ್ಯಾಲೇ ಉಪನ್ಯಾಸ ಇಟ್ಟೀನಿ, ಬಾರವ್ವಾ. ‘ಯಾರು’ ಅಂತ ಕೇಳಂಗಿಲ್ಲ. ‘ಯಾಕ’ ಅಂತ ಅಷ್ಟ.”

ವಿಭಾಗದ ಮುಖ್ಯಸ್ಥ ಪಂಪಾಪತಿ ಉಪನ್ಯಾಸದಲ್ಲಿ ಕೇಳಲಿದ್ದ ಪ್ರಶ್ನೆಗಳ ಪಟ್ಟಿ ನೋಡಿ ಬೆವರಿದರು. “ಬರೀ ಯಾಕ, ಯಾಕ! ‘ವ್ಯಾಖ್ಯಾನಿಸಿ’ ಅಂತ ಒಂದರ ಹಾಕ್ರಿ ಮೇಡಂ.”

“ವ್ಯಾಖ್ಯಾನಕ್ಕ ಚಾಚು ನಿಂತಿರ್ತದೇನ್ರಿ ಸರ್?”

ಪಟ್ಟಿಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಉಪನ್ಯಾಸದ ದಿನ ಸವಿತಾ ಬಂದು ಕೊನೆಯ ಬೆಂಚಿನಲ್ಲಿ ಕೂತಳು. ‘ಚಾಚು ಯಾಕ ಬಿತ್ತು?’ ಎಂಬ ಮೊದಲ ಪ್ರಶ್ನೆಗೇ ಮುಂದಿನ ಬೆಂಚಿನ ವಿದ್ಯಾರ್ಥಿ ಹುಲಿಗೇಶ ಎದ್ದ: “ಕಳಪೆ ಕಾಮಗಾರಿ ಮೇಡಂ!”

“ಅದು ಪೇಪರಿನವರ ಉತ್ತರ. ಇಲ್ಲಿ ಆ ಪದಕ್ಕ ಸೊನ್ನಿ. ಬಿರುಕು ಎಲ್ಲಿ ಬಾಯಿ ಬಿಟ್ಟದ?”

“ಬುಡದಾಗ, ಮ್ಯಾಲಿನ ಬದಿ.”

“ಚಾಚು ಬಾಗಿದ್ರ ಜಗ್ಗೋದು ಮ್ಯಾಲಿನ ಬದೀನ. ಕಂಬಿ ಎಲ್ಲಿರಬೇಕು?”

“ಮ್ಯಾಲ. ಆದ್ರ ಫೋಟೋದಾಗ ನಡುವಿನವು ಕೆಳಗ ಕುಂತಾವ. ಅಂಚಿನವು ಮಾತ್ರ ಮ್ಯಾಲವ.”

“ಕಾಂಕ್ರೀಟು?”

ಲ್ಯಾಬಿನ ಹಾಳೆ ನೋಡಿ ಹುಲಿಗೇಶ ತಲೆ ಕೆರೆದುಕೊಂಡ. “ಗಟ್ಟಿ ಅದ. ಸಿಮೆಂಟ್ ಬೇಕಾದಷ್ಟು ಹಾಕ್ಯಾರ.”

ಸವಿತಾ ತಲೆ ಎತ್ತಿದಳು.

“ಹಂಗಾದ್ರ ನಡುವಿನ ಕಂಬಿ ಯಾಕ ಇಳಿದ್ವು?”

ಸವಿತಾ ನಿಧಾನಕ್ಕೆ ಎದ್ದಳು. “ತುಳಿದಾರ್ರಿ. ಬುಟ್ಟಿ ಹೊತ್ತು ನಡುವ ಓಡಾಡ್ಯಾರ. ಹಲಗಿ ಹಾಸಿಲ್ಲ, ಕಂಬಿ ಎತ್ತಿ ಹಿಡಿಯೋ ಚೇರು ಇಟ್ಟಿಲ್ಲ.”

ನಮ್ಮಲ್ಲಿ ಕೂರುವವರಿಗೆಲ್ಲ ಚೇರು ಸಿಗುತ್ತದೆ, ಕಂಬಿಗೆ ಮಾತ್ರ ಸಿಗುವುದಿಲ್ಲ.

“ಯಾಕ ಇಟ್ಟಿಲ್ಲ?”

ಸವಿತಾ ಅಲ್ಲಿಗೇ ಕೂತುಬಿಡಬಹುದಿತ್ತು. ಕೂರಲಿಲ್ಲ. “ಮೇಸ್ತ್ರಿ ಇಡಿಸಿಲ್ಲ. ನಮ್ಮಪ್ಪ.”

ವಿಶಾಖಾ ಸೀಮೆಸುಣ್ಣ ಕೈಗೆತ್ತಿಕೊಂಡರು.

“ಅಲ್ಲಿಗೆ ಮುಗೀತೇನವ್ವಾ?”

“ಇಲ್ರಿ. ಕಾಂಕ್ರೀಟ್ ಹಾಕೋ ಮೊದಲ ಇಂಜಿನಿಯರ್ ನೋಡಿದ್ರ ನಿಲ್ಲಿಸ್ತಿದ್ರು. ಬಂದಿಲ್ಲ, ಇಲ್ಲಾ ಬಂದೂ ನೋಡಿಲ್ಲ.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಪಂಪಾಪತಿ ಕೆಮ್ಮಿದರು. ವಿಶಾಖಾ ಎರಡೂ ಕಾರಣಗಳನ್ನು ಬೋರ್ಡಿನ ಮೇಲೆ ಬರೆದರು, ಒಂದೇ ಗಾತ್ರದ ಅಕ್ಷರದಲ್ಲಿ.

ಗೇಟಿನ ಬಳಿ ಸವಿತಾ ಫೋನ್ ಹಚ್ಚಿದಳು. “ಯಪ್ಪಾ, ನೀ ಕದ್ದಿಲ್ಲ ಅಂತ ಲ್ಯಾಬಿನಾಗ ಗೊತ್ತಾತು. ಆದ್ರ ಕಂಬಿ ತುಳಿಸೀದಿ. ಬಿದ್ದದ್ದು ಅದಕ್ಕ.”

ಆ ಕಡೆಯಿಂದ ಪಕೀರಪ್ಪ ಕೇಳಿದ: “ಆ ಚೇರು ಎಷ್ಟೆಷ್ಟು ದೂರಕ್ಕ ಇಡಬೇಕಂತ? ನಿಮ್ಮ ಮೇಡಮ್ಮಗ ಕೇಳ್ಕೊಂಡು ಬಾ.”

ಸವಿತಾ ಮತ್ತೆ ಮೆಟ್ಟಿಲು ಹತ್ತಿದಳು.