ಸೋಮವಾರದಿಂದ ಗುರುವಾರದವರೆಗೆ ರಕ್ತ

ನಾನು ಬರೆದುಕೊಟ್ಟ ಒಂದು ಹಾಳೆ ನೆನಪಾದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಎಪ್ಪತ್ತರ ದಶಕ. ಹೊಳಲ್ಕೆರೆಯಿಂದ ಬಂದ ನಾನು ಚಿತ್ರದುರ್ಗದಲ್ಲಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೆ. ಪರೀಕ್ಷೆಗೆ ವಾರ ಉಳಿದಾಗ ಕಿರಿಯರಿಗೆ ಹಿರಿಯರು ಟೈಂಟೇಬಲ್ ಬರೆದುಕೊಡುವುದು ನಮ್ಮ ಹಾಸ್ಟೆಲಿನ ರೂಢಿ. ಬರೆದುಕೊಟ್ಟದ್ದನ್ನು ಕಿರಿಯರು ತಿದ್ದುವ ಹಾಗಿರಲಿಲ್ಲ. ನನ್ನ ಪಾಲಿಗೆ ಬಂದವಳು ಹಿರಿಯೂರು ಹತ್ತಿರದ ಬಬ್ಬೂರಿನ ಕಡೆಯ ಕುರಿಗಾರರ ಹುಡುಗಿ. ಫೇಲಾದರೆ ಓದು ಸಾಕು, ಮನೆಗೆ ಬಾ ಎಂದು ಅವಳಪ್ಪ ಮೊದಲೇ ಹೇಳಿದ್ದ.

"ಅಕ್ಕಾ, ರಕ್ತದ್ ಪಾಠ ನಂಗೆ ಬರ್ತೈತೆ. ಈ ಇಮ್ಯೂನಿಟಿನೇ ತಲೆಗೆ ಹತ್ತಲ್ಲ" ಎಂದು ಅವಳು ಬಾಯಿಬಿಟ್ಟು ಹೇಳಿದಳು.

ಆದರೂ ನಾನು ಸೋಮವಾರದಿಂದ ಗುರುವಾರದವರೆಗೆ ರಕ್ತವನ್ನೇ ಬರೆದೆ. ಕೆಂಪು ಕಣ, ಬಿಳಿ ಕಣ, ರಕ್ತದ ಗುಂಪು, ಹೆಪ್ಪುಗಟ್ಟುವುದು. ಶುಕ್ರವಾರ ಒಂದು ದಿನ ಇಮ್ಯೂನಿಟಿ. ಶನಿವಾರ, ಭಾನುವಾರ ಮತ್ತೆ ಎಲ್ಲವನ್ನೂ ತಿರುವಿಹಾಕುವುದು. ಕಾರಣ ಇಷ್ಟೇ: ರಕ್ತ ನನಗೆ ಚೆನ್ನಾಗಿ ಬರುತ್ತಿತ್ತು, ಇಮ್ಯೂನಿಟಿ ನನಗೂ ಬರುತ್ತಿರಲಿಲ್ಲ. ನಾಲ್ಕು ದಿನ ಮಂಚದ ಮೇಲೆ ಕೂತು ಮೇಡಂ ಹಾಗೆ ಅವಳಿಗೆ ಗೊತ್ತಿದ್ದದ್ದನ್ನೇ ಹೇಳಿಕೊಟ್ಟೆ.

ಶುಕ್ರವಾರ ಪುಸ್ತಕ ಹಿಡಿದು ಬಂದಳು. "ಗಾಯ ಆದೋರಿಗೆ ಎ.ಟಿ.ಎಸ್. ಕೊಡೋಕೆ ಮುಂಚೆ ಟೆಸ್ಟ್ ಡೋಸ್ ಹಾಕ್ತೀವಲ್ಲಕ್ಕಾ, ಟಾಕ್ಸಾಯ್ಡಿಗೆ ಯಾಕಿಲ್ಲ? ಎರಡೂ ಧನುರ್ವಾಯುಗೇ ತಾನೆ?"

ಗೊತ್ತಿಲ್ಲ ಎನ್ನಲು ನಾಲಗೆ ಏಳಲಿಲ್ಲ. "ಅದೆಲ್ಲ ಕೇಳ್ತಾ ಕುಂತ್ರೆ ಪಾಸಾದಂಗೆ. ಬಾಯಿಪಾಠ ಮಾಡು ಹೋಗು" ಎಂದು ಗದರಿಸಿದೆ. ಅವಳು ತಲೆ ತಗ್ಗಿಸಿ ಹೋದಳು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಅವಳು ಫೇಲಾದಳು.

ಫಲಿತಾಂಶ ಬಂದ ದಿನ ನಾನು ಪುಸ್ತಕ ತೆಗೆದು ಓದಿದೆ. ಎ.ಟಿ.ಎಸ್. ಎಂದರೆ ಕುದುರೆಯ ರಕ್ತದ ಸೀರಂ. ಅದರಲ್ಲಿ ರೋಗ ತಡೆಯುವ ಆಂಟಿಬಾಡಿ ಸಿದ್ಧವಾಗಿಯೇ ಇರುತ್ತದೆ. ಆದರೆ ಬೇರೆ ಪ್ರಾಣಿಯದ್ದಾದ್ದರಿಂದ ಕೆಲವರ ಮೈ ಅದಕ್ಕೆ ತಿರುಗಿಬೀಳುತ್ತದೆ, ಜೀವಕ್ಕೇ ಅಪಾಯ. ಟಾಕ್ಸಾಯ್ಡ್ ಹಾಗಲ್ಲ, ಅದರಲ್ಲಿ ಪ್ರಾಣಿಯ ಸೀರಂ ಇಲ್ಲ, ಅದು ನಮ್ಮ ಮೈಯಿಂದಲೇ ನಿಧಾನವಾಗಿ ಆಂಟಿಬಾಡಿ ಮಾಡಿಸುತ್ತದೆ. ಅರ್ಧ ಗಂಟೆಯ ಓದು. ಅದೂ ರಕ್ತದಿಂದಲೇ ಶುರುವಾಗುವ ಮಾತು. ರಕ್ತ ಬಲ್ಲ ಹುಡುಗಿಗೆ ಅಲ್ಲಿಂದಲೇ ದಾರಿ ತೋರಿಸಬಹುದಿತ್ತು.

ಮಾರನೆಯ ದಿನ ಅವಳನ್ನು ಹಿರಿಯೂರಿನ ಬಸ್ಸಿಗೆ ಹತ್ತಿಸಲು ಹೋದೆ. ಎಲ್ಲ ಹೇಳಿಬಿಡಬೇಕು ಎಂದುಕೊಂಡೇ ಹೋಗಿದ್ದೆ. ಅವಳೇ ಮೊದಲು ಮಾತಾಡಿದಳು. "ಬೇಜಾರ್ ಮಾಡ್ಕೋಬ್ಯಾಡ್ರಿ ಅಕ್ಕಾ. ನೀವು ಚೆನ್ನಾಗೇ ಬರ್ದು ಕೊಟ್ಟಿದ್ರಿ, ನಂದೇ ದಡ್ಡ ತಲೆ."

ಆಮೇಲೆ ಚೀಲದಿಂದ ಆ ಹಾಳೆ ತೆಗೆದು ತೋರಿಸಿದಳು. ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದಳು. "ಅಪ್ಪ ಒಪ್ಪಿದ್ರೆ ಇನ್ನೊಂದ್ಸಲ ಪರೀಕ್ಷೆಗೆ ಕಟ್ತೀನಿ. ಆಗ್ಲೂ ಇದನ್ನೇ ನೋಡ್ಕಂಡು ಓದ್ತೀನಿ."

ಬಸ್ಸು ಹೊರಟಿತು. "ಜೋಪಾನವಾಗಿಟ್ಕೋ" ಎಂದೆ.