ಅರ್ಧ ತಾಸಿಗೆ ಮೂವತ್ತು ರೂಪಾಯಿ

ಬನಹಟ್ಟಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಏಳು ಮಕ್ಕಳನ್ನು ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ತಿಂಗಳಿಗೆ ಮೂರು ಸಾವಿರ. ಮಧ್ಯಾಹ್ನದ ಅನ್ನ-ಬೇಳೆ, ನಾಲ್ಕು ಗಂಟೆಯ ಉಪ್ಪಿಟ್ಟು ಅದರಲ್ಲೇ ಬಂತು. ಹಾಲಿನ ಪುಡಿ, ಡೈಪರ್ ಅವರವರ ಮನೆಯಿಂದ. ಆರರ ಮೇಲೆ ಕಾಲು ತಾಸು ಸುಮ್ಮನಿರುತ್ತಿದ್ದೆ. ಅದೂ ದಾಟಿದರೆ ಆರರಿಂದಲೇ ಹಿಡಿದು ಅರ್ಧ ತಾಸಿಗೆ ಮೂವತ್ತು ರೂಪಾಯಿ ದಂಡ. ದಂಡ ಇಡುವ ಮೊದಲು ಜನ ಸಂತೆ ಮುಗಿಸಿಕೊಂಡು ಎಂಟಕ್ಕೆ ಬರುತ್ತಿದ್ದರು.

ದಂಡ ಇಟ್ಟ ಮೇಲೂ ದಿನಾ ತಡವಾಗಿ ಬರುತ್ತಿದ್ದವಳು ಒಬ್ಬಳೇ. ಜಮಖಂಡಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ, ಎರಡು ವರ್ಷದ ಮಗಳು. ಬಸ್ಸು ಆರಕ್ಕೆ ಮೊದಲೇ ಊರಿಗೆ ಬರುತ್ತಿತ್ತು, ಅವಳು ಬರುತ್ತಿದ್ದದ್ದು ಏಳೂವರೆಗೆ.

"ಬಸ್ ತಡ ಆತ್ರಿ ಅಕ್ಕಾರ. ದಂಡ ನಾ ಕೈಯಾಗ ಕೊಡ್ತೇನಿ, ಬಿಲ್ಲಿನ್ಯಾಗ ಬರಿಬ್ಯಾಡ್ರಿ," ಅನ್ನುತ್ತಿದ್ದಳು. ತಿಂಗಳ ಫೀ ಮಾತ್ರ ಅವಳ ಗಂಡನ ಫೋನಿನಿಂದ ಬರುತ್ತಿತ್ತು.

ಒಂದು ತಿಂಗಳು ಅವಳು ದಂಡದ ನಗದು ಕೊಡಲಿಲ್ಲ. ಎರಡು ಸಲ ಕೇಳಿದೆ, "ಪಗಾರ ಆಗ್ಲಿರಿ" ಅಂದಳು. ಸುಳ್ಳು ಹೇಳುತ್ತಾಳೆಂಬ ಸಿಟ್ಟು ನನಗಿತ್ತು. ಹದಿನೇಳು ದಿನದ ದಂಡ ಸಾವಿರದ ಐನೂರಾ ಮೂವತ್ತು ಸೇರಿಸಿ, ದಿನ-ಹೊತ್ತು ಬರೆದು, ಬಿಲ್ಲನ್ನು ಗಂಡನ ನಂಬರಿಗೇ ಕಳಿಸಿಬಿಟ್ಟೆ.

ಮರುದಿನ ಆರೂ ಇಪ್ಪತ್ತಕ್ಕೆ ಅವನೇ ಬಂದ. ಮನೆಯಲ್ಲಿ ನಾನು, ಅವನ ಮಗಳು, ಅವತ್ತು ಒಯ್ಯಲು ತಡವಾಗಿದ್ದ ಇನ್ನಿಬ್ಬರು ಮಕ್ಕಳು. ಕುಡಿದಿದ್ದ. "ಅಕಿ ದಿನಾ ಏಳೂವರಿತನಾ ಎಲ್ಲಿರ್ತಾಳ? ಯಾರ ಕೂಡ ಇರ್ತಾಳ?" ಅಂತ ಕೇಳಿದ.

"ನನಗ ಗೊತ್ತಿಲ್ರಿ. ಮಕ್ಕಳದಾವು, ಹೊರಗ ಕುಂಡ್ರರಿ," ಅಂದೆ.

ಅವನು ಹೊರಗೆ ಕೂಡಲಿಲ್ಲ. ಮಕ್ಕಳ ತಟ್ಟೆಗಳನ್ನು ಒದ್ದ. ನಾನು ಮೂವರನ್ನೂ ಅಡುಗೆಮನೆಗೆ ದೂಡಿ ಚಿಲಕ ಹಾಕಿದೆ. ಹಾಕಿ ತಿರುಗುವಷ್ಟರಲ್ಲಿ ಅವಳು ಬಾಗಿಲಲ್ಲಿ ನಿಂತಿದ್ದಳು. ಅವನೇ ಫೋನ್ ಮಾಡಿ ಕರೆಸಿದ್ದನಂತೆ.

ಅವಳು ಚಪ್ಪಲಿ ಬಿಡುವ ಮೊದಲೇ ಅವನು ಜಡೆ ಹಿಡಿದು ಒಳಗೆ ಎಳೆದ. "ಹೇಳ ಬೇ, ಎಲ್ಲಿ ಹೋಗ್ತಿ?" ಅನ್ನುತ್ತ ಮುಖವನ್ನು ಗೋಡೆಗೆ ಗುದ್ದಿದ. ಒಮ್ಮೆ, ಮತ್ತೊಮ್ಮೆ. ನಾನು ಗೋಡೆಗೆ ಅಂಟಿಸಿದ್ದ ಅಆಇಈ ಚಿತ್ರದ ಮೇಲೆ ರಕ್ತ ಚಿಮ್ಮಿತು. ನಡುವೆ ಹೋದೆ. ನನ್ನ ಕಿವಿಯ ಮೇಲೆ ಅಂಗೈಯಿಂದ ಹೊಡೆದ, ತಲೆಯೊಳಗೆ ಸಿಡಿದಂತಾಗಿ ನೆಲಕ್ಕೆ ಬಿದ್ದೆ. ಅವಳು ಬಾಗಿಲಿಗೆ ತೆವಳುತ್ತಿದ್ದಳು. ಅವನು ಅವಳ ಮುಂಗೈಯನ್ನು ಬೂಟಿನಿಂದ ತುಳಿದ. ಮುರಿದ ಸದ್ದು ಒಂದೇ ಕಿವಿಯಲ್ಲಿ ಕೇಳಿತು.

ಚೀರಿದೆ. ಯಾರೂ ಬರಲಿಲ್ಲ. ನಮ್ಮ ಮನೆಯ ಪಕ್ಕಕ್ಕೇ ಎಂಟು ಪವರ್‌ಲೂಮಿನ ಶೆಡ್ಡು. ಅದರ ಖಟಖಟದಲ್ಲಿ ಚೀರಾಟ ಯಾರಿಗೆ ಕೇಳಬೇಕು? ಎದ್ದು ಶೆಡ್ಡಿಗೆ ಓಡಿದೆ. ನೇಕಾರರಿಗೆ ಕೈ ಬೀಸಿದರೆ ಏನೆಂದು ತಿಳಿಯದೆ ಒಬ್ಬನು ನಕ್ಕು ತಲೆಯಾಡಿಸಿದ. ಗೋಡೆಯ ಮೇಲಿನ ಮೇನ್ ಸ್ವಿಚ್ಚಿನ ಹಿಡಿಕೆಯನ್ನು ಎರಡೂ ಕೈಯಿಂದ ಕೆಳಗೆ ಎಳೆದೆ.

ಮಗ್ಗಗಳು ನಿಂತವು. "ಯಾರ್ಲೇ ಅದು ಬಂದ್ ಮಾಡಿದ್ದು?" ಅಂತ ಮಾಲೀಕ ಬೈಯುತ್ತ ಬಂದ. ಆಗ ನನ್ನ ಮನೆಯಿಂದ ಅವಳ ಕೂಗು ಎಲ್ಲರಿಗೂ ಕೇಳಿತು.

ನಾಲ್ಕು ಜನ ನುಗ್ಗಿದರು. ಅವನು ಅವಳ ಕುತ್ತಿಗೆ ಹಿಚುಕುತ್ತಿದ್ದ. ಬಿಡಿಸಿದರು, ಬಿಡಿಸಿದ ಮೇಲೆ ಹೊಡೆದರು, ಬಹಳ ಹೊಡೆದರು. ಒಬ್ಬನ ಕೈಯಲ್ಲಿ ಮಗ್ಗದ ಲಾಳಿಯಿತ್ತು, ಅದರ ಕಬ್ಬಿಣದ ಮೂತಿಯಿಂದ ಅವನ ಹುಬ್ಬು ಹರಿಯಿತು. ನಿಲ್ಲಿಸಿರಿ ಎಂದು ನಾನು ಹೇಳಲಿಲ್ಲ. ಆ ಹೊತ್ತಿಗೆ ಅದು ನನಗೆ ಸಮಾಧಾನವನ್ನೇ ಕೊಟ್ಟಿತು. ಅಡುಗೆಮನೆಯ ಬಾಗಿಲನ್ನು ಒಳಗಿನಿಂದ ಸಣ್ಣ ಕೈಗಳು ಬಡಿಯುತ್ತಿದ್ದವು. ಮಾಲೀಕನೇ ಪೊಲೀಸರಿಗೆ ಫೋನ್ ಮಾಡಿದ.

ಆಸ್ಪತ್ರೆಯಲ್ಲಿ, ತುಟಿಗೆ ಹೊಲಿಗೆ ಹಾಕಿಸಿಕೊಂಡು ಅವಳು ಹೇಳಿದಳು: "ಆರಕ್ಕ ಅಂವಾ ಕುಡದ್ ಮನಿಗಿ ಬರ್ತಾನ್ರಿ. ಏಳೂವರಿಗೆ ಇಸ್ಪೀಟಾಡಾಕ ಹೊರಗ ಹೊಕ್ಕಾನ. ಕೂಸಿನ್ನ ಅವನ ಮುಂದ ಒಯ್ಯಬಾರ್ದಂತ ಬಸ್‌ಸ್ಟ್ಯಾಂಡಿನ್ಯಾಗ ಕೂಡ್ತಿದ್ನಿ. ಅವಗ ಮಾತ್ರ ಆರರಿಂದ ನಿಮ್ಮ ಮನ್ಯಾಗ ಕೂಸಿನ ಕೂಡ ಇರ್ತೇನಂತ ಹೇಳಿದ್ನಿ."

"ನನಗರ ಹೇಳಬಾರ್ದಿತ್ತೇನವಾ?"

"ಹೇಳಿದ್ರ ದಂಡ ಬಿಡ್ತಿದ್ರಿ. ನಿಮ್ಮ ಹೊಟ್ಟಿ ಮ್ಯಾಲ ಯಾಕ ಹೊಡೀಬೇಕರಿ ನಾ?"

ನನ್ನ ಬಿಲ್ಲಿನ ವಿಷಯ ಅವಳು ಎತ್ತಲಿಲ್ಲ. ನಾನೇ ಎತ್ತಿದೆ. ಅವಳು ಗೋಡೆಯ ಕಡೆ ತಿರುಗಿದಳು.

ಕೇಸಾಯಿತು. ಅವಳು ಮಗಳನ್ನು ಕರೆದುಕೊಂಡು ಮುಧೋಳದ ತವರಿಗೆ ಹೋದಳು, ಕೈಗೆ ರಾಡು ಹಾಕಿದ್ದಾರೆ. ಆ ಹೊಡೆದಾಟದ ಮರುದಿನವೇ ಮೂರು ಮನೆಯವರು ಮಕ್ಕಳನ್ನು ಬಿಡಿಸಿಕೊಂಡರು, ಅವರದೂ ತಪ್ಪಲ್ಲ. ನನ್ನ ಎಡಗಿವಿ ಇವತ್ತಿಗೂ ಅರ್ಧವೇ ಕೇಳುತ್ತದೆ. ದಂಡವನ್ನು ನಾನು ತೆಗೆದಿಲ್ಲ, ಅದಿಲ್ಲದೆ ಮನೆ ನಡೆಯುವುದಿಲ್ಲ. ಆದರೆ ಈಗ ಮಗುವನ್ನು ಸೇರಿಸುವ ದಿನ ತಾಯಿಯನ್ನು ಒಬ್ಬಳನ್ನೇ ಒಳಗೆ ಕರೆದು, ಬಿಲ್ಲು ಯಾರಿಗೆ ಕಳಿಸಲಿ ಅಂತ ಕೇಳುತ್ತೇನೆ. ಕೆಲವರು ಉತ್ತರ ಕೊಡುವ ಮೊದಲು ಬಾಗಿಲ ಕಡೆ ನೋಡುತ್ತಾರೆ.