ಇಪ್ಪತ್ತನಾಲ್ಕು ಸಾಲಿನ ಬಾಡಿಗೆ ಪಟ್ಟಿ

ದೇವನಹಳ್ಳಿ ಕೋಟೆಯೊಳಗಿನ ಹಳೇ ಬೀದಿಯಲ್ಲಿ ಶಶಿರೇಖಾಳ ಗ್ರಂಧಿಗೆ ಅಂಗಡಿ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ. ಅರಿಶಿನ, ಕುಂಕುಮ, ಕರ್ಪೂರ, ಅಳಲೆಕಾಯಿ, ಮದುವೆಗೆ ಬೇಕಾದ್ದು, ನಾಮಕರಣಕ್ಕೆ ಬೇಕಾದ್ದು, ಕೊನೆಗೆ ಸಾವಿಗೆ ಬೇಕಾದ್ದು, ಎಲ್ಲ ಒಂದೇ ಸೂರಿನಡಿ. ಗಂಡ ತೀರಿಕೊಂಡ ಹದಿನಾರನೇ ದಿನ ಬಾಗಿಲು ತೆಗೆದು ಕೂತವಳು ಹನ್ನೊಂದು ವರ್ಷದಿಂದ ಎದ್ದಿಲ್ಲ. ಗಿರಾಕಿ ಚೀಟಿ ಕೈಗಿಟ್ಟರೆ ಮೊದಲ ಎರಡು ಸಾಮಾನು ಓದುವಷ್ಟರಲ್ಲಿ ಆ ಮನೆಯಲ್ಲಿ ಏನು ನಡೆದಿದೆ ಎಂದು ಅವಳಿಗೆ ತಿಳಿದುಬಿಡುತ್ತದೆ. ಸಾವಿನ ಸಾಮಾನಿಗೆ ಬಂದವರಿಗೆ ಮಾತ್ರ ಅವಳು 'ಹೋಗಿ ಬನ್ನಿ' ಎನ್ನುವುದಿಲ್ಲ. ಪೊಟ್ಟಣ ಕಟ್ಟಿ ಮುಂದೆ ಇಟ್ಟು ಸುಮ್ಮನಾಗುತ್ತಾಳೆ. ಇದನ್ನು ಗಂಡ ಕಲಿಸಿದ್ದು, ಗಂಡನಿಗೆ ಅವನಪ್ಪ.

ಅಂಗಡಿ ಅವಳದು, ಕಟ್ಟಡ ಹಿಂದಿನ ಮನೆಯ ವೆಂಕಟರಾಮಪ್ಪನವರದು. ಎಂಬತ್ತರ ಹತ್ತಿರದ ಜೀವ, ಮಾತು ಕಮ್ಮಿ. ಅವರ ಮಗ ಅಶೋಕನಿಗೆ ಮಾತು ಜಾಸ್ತಿ, ಏರ್‌ಪೋರ್ಟ್ ಕಡೆ ಸೈಟು ಜಮೀನು ಕೊಡಿಸುವ ವ್ಯವಹಾರ. ಎರಡು ಸಾವಿರದ ಇಪ್ಪತ್ತಮೂರರ ಮಾರ್ಚಿನಲ್ಲಿ ಅವನು ಬಂದು ಬಾಗಿಲಿಗೆ ಒರಗಿ ನಿಂತ.

"ಅಕ್ಕಾ, ಮುಂದಿನ ತಿಂಗಳಿಂದ ಹದಿನಾಲ್ಕು ಸಾವಿರ. ಬಸ್‌ಸ್ಟ್ಯಾಂಡ್ ಹತ್ರ ಕೇಳ್ನೋಡಿ, ಇಪ್ಪತ್ತು ಹೇಳ್ತಾರೆ. ಆಗಲ್ಲ ಅಂದ್ರೆ ಖಾಲಿ ಮಾಡಿ, ಮೊಬೈಲ್ ಅಂಗಡಿಯವ್ರು ರೆಡಿ ಇದಾರೆ."

ಆಗ ಅವಳು ಕೊಡುತ್ತಿದ್ದದ್ದು ಎಂಟು. ಹದಿನಾಲ್ಕು ಕೊಟ್ಟರೆ ಅವಳಿಗೆ ಉಳಿಯುವುದು ಪೊಟ್ಟಣ ಕಟ್ಟುವ ದಾರ ಮಾತ್ರ. ರಾತ್ರಿ ಅಳಲಿಲ್ಲ, ಕೂತು ಲೆಕ್ಕ ಹಾಕಿದಳು. ಬೆಳಗ್ಗೆ ಜೆರಾಕ್ಸ್ ಅಂಗಡಿಯ ಮುರಳಿಯ ಹತ್ತಿರ ಹೋಗಿ ಪತ್ರ ಟೈಪ್ ಮಾಡಿಸಿ ಎರಡು ಪ್ರತಿ ತೆಗೆಸಿದಳು.

"ಶ್ರೀ ವೆಂಕಟರಾಮಪ್ಪನವರಿಗೆ, ತಮ್ಮ ಬಾಡಿಗೆದಾರಳಾದ ಶಶಿರೇಖಾ ಮಾಡುವ ವಿನಂತಿ. ಬಾಡಿಗೆ ಒಮ್ಮೆಲೇ ಏರಿಸಿದರೆ ನಿಭಾಯಿಸುವ ಶಕ್ತಿ ನನಗಿಲ್ಲ. ಆರು ತಿಂಗಳಿಗೊಮ್ಮೆ ಏರಿಸುತ್ತಾ ಹೋಗಲು ಒಪ್ಪಬೇಕಾಗಿ ಕೋರಿಕೆ. ಅಡ್ವಾನ್ಸ್ ಒಂದೂವರೆ ಲಕ್ಷ ಹಾಗೆಯೇ ಇರಲಿ. ಕರಾರನ್ನು ಎಂದಿನಂತೆ ಹನ್ನೊಂದು ತಿಂಗಳಿಗೊಮ್ಮೆ ಹೊಸದಾಗಿ ಮಾಡಿಸೋಣ, ಬಾಡಿಗೆ ಮಾತ್ರ ಈ ಪಟ್ಟಿಯಂತೆ ನಡೆಯಲಿ. ಪ್ರತಿ ತಿಂಗಳ ಐದನೇ ತಾರೀಕಿನೊಳಗೆ ಕೊಡುತ್ತೇನೆ."

| ಅವಧಿ | ತಿಂಗಳ ಬಾಡಿಗೆ |
|---|---|
| ಏಪ್ರಿಲ್ – ಸೆಪ್ಟೆಂಬರ್ 2023 | ₹9,000 |
| ಅಕ್ಟೋಬರ್ 2023 – ಮಾರ್ಚ್ 2024 | ₹10,000 |
| ಏಪ್ರಿಲ್ – ಸೆಪ್ಟೆಂಬರ್ 2024 | ₹11,500 |
| ಅಕ್ಟೋಬರ್ 2024 – ಮಾರ್ಚ್ 2025 | ₹13,000 |

ಇದರ ಹಿಂದೆ ಇನ್ನೊಂದು ಹಾಳೆ. ಅದರಲ್ಲಿ ತಿಂಗಳಿಗೊಂದರಂತೆ ಇಪ್ಪತ್ತನಾಲ್ಕು ಸಾಲು, ಪ್ರತಿ ಸಾಲಿಗೂ ಎರಡು ಖಾಲಿ ಮನೆ: 'ಕೊಟ್ಟವರು', 'ಪಡೆದವರು'. ಹಳೇ ಬಾಡಿಗೆ ಪುಸ್ತಕದಲ್ಲಿ ಮೊದಲಿನಿಂದಲೂ ಹಾಗೇ ಇತ್ತು. ದುಡ್ಡು ಕೈ ಬದಲಾದ ದಿನ ಇಬ್ಬರೂ ಹೆಸರು ಬರೆಯುವುದು ಪದ್ಧತಿ.

ವೆಂಕಟರಾಮಪ್ಪ ಜಗಲಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದರು. ಪತ್ರವನ್ನು ಅವಳೇ ಓದಿ ಹೇಳಿದಳು. ಮುದುಕರು ಕೊನೆಯವರೆಗೂ ಕೇಳಿ, ಪೆನ್ನಿಗೆ ಕೈ ನೀಡಿದರು.

"ಹಂಗೇ ಆಗ್ಲಿ ಬಿಡಮ್ಮ. ಅಶೋಕನಿಗೆ ನಾನ್ ಹೇಳ್ತೀನಿ."

ಸಹಿ ಹಾಕಿದವರು ಅಲ್ಲಿಗೆ ನಿಲ್ಲಿಸಲಿಲ್ಲ. ಎರಡನೇ ಹಾಳೆ ಎಳೆದುಕೊಂಡು ಆ ಖಾಲಿ ಮನೆಗಳನ್ನು ತುಂಬತೊಡಗಿದರು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಒಂದು ಕಡೆಯೂ ತಡವರಿಸದೆ. "ಯಜಮಾನ್ರೆ, ಅದು ಆಯಾ ತಿಂಗಳು ಬರೆಯೋದು" ಎಂದಳು ಶಶಿರೇಖಾ. ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. ತಮ್ಮ ಪ್ರತಿ ಮುಗಿಸಿ, ಅವಳ ಪ್ರತಿಯಲ್ಲೂ ಹಾಗೆಯೇ ಬರೆದು ಮುಂದಕ್ಕೆ ತಳ್ಳಿದರು. ಅವಳು ನೋಡಿದಳು, ಅವರ ಕನ್ನಡಕ ಹಣೆಯ ಮೇಲಿತ್ತು. ಕನ್ನಡಕ ಇಲ್ಲದಿದ್ದರೆ ಎದುರಿಗೆ ನಿಂತವರ ಮುಖವೂ ಗುರುತು ಸಿಗದ ಮನುಷ್ಯ.

"ಇಷ್ಟೆಲ್ಲಾ ಈಗ್ಲೇ ಯಾಕ್ ಬರೆದ್ರಿ?"

"ನಾನೆಲ್ಲಿ ಬರೆದೆ? ಕೈ ಬರೀತು" ಎಂದರು ಮುದುಕರು, ತಮಗೇ ಆಶ್ಚರ್ಯವಾದವರಂತೆ.

ಅಂಗಡಿಗೆ ಬಂದು ಸಾಲು ಸಾಲಾಗಿ ಓದಿದಳು. ಕೊಟ್ಟವರು ಶಶಿರೇಖಾ, ಪಡೆದವರು ವೆಂಕಟರಾಮಪ್ಪ. ಏಳು ಸಾಲು ಹೀಗೆ. ಎಂಟನೇ ಸಾಲಿನಿಂದ, ಅಂದರೆ ನವೆಂಬರಿನಿಂದ, ಪಡೆದವರು ಅಶೋಕ. ಹದಿನೈದನೇ ಸಾಲಿನಿಂದ ಕೊಟ್ಟವರ ಮನೆಯಲ್ಲಿ ಶಶಿರೇಖಾ ಇಲ್ಲ. ಅಲ್ಲಿ ದಿವ್ಯ, ಅವಳ ಮಗಳು. ಇಪ್ಪತ್ತೆರಡರಿಂದ ಅಶೋಕನೂ ಇಲ್ಲ. ಅಲ್ಲಿ ಅವನ ಹೆಂಡತಿ ಪ್ರಮೋದಾ. ವಯಸ್ಸಾಯಿತು, ಬುದ್ಧಿ ಎತ್ತೆತ್ತಲೋ ಹೋಗಿದೆ ಎಂದುಕೊಂಡು ಹಾಳೆಯನ್ನು ಗಲ್ಲಾಪೆಟ್ಟಿಗೆಯ ತಳಕ್ಕೆ ಸೇರಿಸಿದಳು. ಬಾಡಿಗೆ ಒಪ್ಪಿಗೆಯಾಗಿತ್ತು, ಅಂಗಡಿ ಉಳಿದಿತ್ತು. ಅಂದು ಅವಳಿಗೆ ಅಷ್ಟೇ ಬೇಕಿದ್ದದ್ದು.

ಅಕ್ಟೋಬರಿನ ಕೊನೆಯ ವಾರ, ಒಂದು ಬೆಳಗ್ಗೆ ಹಿಂದಿನ ಮನೆಯ ಆಳು ಚೀಟಿ ತಂದ. ಮೊದಲ ಎರಡು ಸಾಮಾನು ಓದುವಷ್ಟರಲ್ಲಿ ಶಶಿರೇಖಾಳಿಗೆ ಮುದುಕರು ಹೋದರೆಂದು ತಿಳಿಯಿತು. ಪೊಟ್ಟಣ ಕಟ್ಟಿ ಮುಂದೆ ಇಟ್ಟಳು, 'ಹೋಗಿ ಬಾ' ಎನ್ನಲಿಲ್ಲ. ಅವನು ಹೋದ ಮೇಲೆ ಪೆಟ್ಟಿಗೆಯ ತಳದಿಂದ ಹಾಳೆ ತೆಗೆದಳು. ಅಕ್ಟೋಬರ್ ಏಳನೇ ಸಾಲು.

ನವೆಂಬರ್ ಐದಕ್ಕೆ ಅಶೋಕ ಬಂದು ಹತ್ತು ಸಾವಿರ ಎಣಿಸಿಕೊಂಡ. ಅಪ್ಪನ ಪೆಟ್ಟಿಗೆಯಲ್ಲಿ ಅವರ ಪ್ರತಿ ಸಿಕ್ಕಿತೆಂದೂ, ಅಪ್ಪ ಒಪ್ಪಿದ್ದನ್ನು ತಾನು ಮುರಿಯುವುದಿಲ್ಲವೆಂದೂ ಹೇಳಿದ. ಹೆಸರುಗಳ ವಿಚಾರ ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಬರೆಯುವುದಕ್ಕೆ ಜಾಗವೇ ಇರಲಿಲ್ಲವಾದ್ದರಿಂದ ಬರೆದದ್ದರ ಪಕ್ಕದಲ್ಲೇ ಇಬ್ಬರೂ ಸಣ್ಣದಾಗಿ ಸಹಿ ಹಾಕಿದರು.

ಆಮೇಲಿನ ತಿಂಗಳುಗಳನ್ನು ಶಶಿರೇಖಾ ಹೇಗೆ ಕಳೆದಳು ಎಂದು ಅವಳನ್ನೇ ಕೇಳಬೇಕು. ಸುಮ್ಮನೆ ಕೆಮ್ಮು ಬಂದರೂ ಬೆಚ್ಚುತ್ತಿದ್ದಳು. ಆಸ್ಪತ್ರೆಗೆ ಹೋಗಿ ರಕ್ತ, ಎದೆ, ಸಕ್ಕರೆ ಎಲ್ಲ ತೋರಿಸಿಕೊಂಡಳು. ಏನೂ ಇಲ್ಲ, ಗಟ್ಟಿಮುಟ್ಟಾಗಿದ್ದೀರಿ ಎಂದರು. ಗಟ್ಟಿಮುಟ್ಟಾಗಿಯೇ ಹೋದವರಿಗೆ ಎಷ್ಟು ಪೊಟ್ಟಣ ಕಟ್ಟಿದ್ದೇನೆಂದು ಅವಳಿಗೆ ಗೊತ್ತಿತ್ತು. ಹದಿನೈದನೇ ಸಾಲು ಜೂನ್. ತನಗೆ ಐವತ್ತೆರಡು, ದಿವ್ಯಳಿಗೆ ಇಪ್ಪತ್ತನಾಲ್ಕು. ಏರ್‌ಪೋರ್ಟ್ ರಸ್ತೆಯ ಹೋಟೆಲಿನಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಅಂಗಡಿಯಲ್ಲಿ ಕೂರುವ ಹುಡುಗಿ. ಅವಳೊಬ್ಬಳನ್ನೇ ಬಿಟ್ಟುಹೋಗುವುದನ್ನು ನೆನೆದು ರಾತ್ರಿ ಎದ್ದು ಕೂರುತ್ತಿದ್ದಳು.

ಮೇ ತಿಂಗಳ ಒಂದು ಮಧ್ಯಾಹ್ನ, ಮಗಳು ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡುವುದನ್ನು ನೋಡುತ್ತಿದ್ದಾಗ ಅವಳಿಗೆ ತಟ್ಟನೆ ಹೊಳೆಯಿತು. ಹಾಳೆಯಲ್ಲಿ ಬರೆದಿರುವುದು ಕೊಟ್ಟವರು ಯಾರು ಎಂದು ಮಾತ್ರ. ಯಾಕೆ ಎಂದು ಬರೆದಿಲ್ಲವಲ್ಲ. ಮರುದಿನವೇ ಅಶೋಕನ ಮುಂದೆ ನಿಂತಳು.

"ಅಶೋಕಣ್ಣ, ಅಂಗಡಿ ಮಗಳ ಹೆಸರಿಗೆ ಮಾಡ್ಬಿಡ್ತೀನಿ. ಈ ಕರಾರು ರದ್ದು ಮಾಡಿ ಅವಳ ಹೆಸರಲ್ಲಿ ಹೊಸದು ಮಾಡ್ಕೊಡಿ. ಬಾಡಿಗೆ ಪಟ್ಟಿ ಅದೇ."

"ಅಷ್ಟೇ ತಾನೆ, ಮಾಡಣ ಬಿಡಿ" ಎಂದ ಅವನು.

ಛಾಪಾ ಕಾಗದ ಬಂತು, ಪುರಸಭೆಯಲ್ಲಿ ಲೈಸೆನ್ಸ್ ಬದಲಾಯಿತು. ಜೂನ್ ಐದಕ್ಕೆ ದಿವ್ಯ ಹನ್ನೊಂದೂವರೆ ಸಾವಿರ ಕೊಟ್ಟು, ತನ್ನ ಹೆಸರಿನ ಪಕ್ಕ ಸಹಿ ಹಾಕಿದಳು. ಶಶಿರೇಖಾ ಹಿಂದೆ ಸ್ಟೂಲಿನ ಮೇಲೆ ಕೂತು ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. ಆ ತಿಂಗಳು ಕಳೆಯಿತು, ಮುಂದಿನದೂ ಕಳೆಯಿತು. ಅವಳು ಇದ್ದಳು. ಅಂಥ ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಡಿಸೆಂಬರಿನಲ್ಲಿ ಅಶೋಕ ಬಂದಾಗ ಮುಖ ಸಣ್ಣದಾಗಿತ್ತು. ದಿವ್ಯ ಇಲ್ಲದ ಹೊತ್ತು ನೋಡಿಕೊಂಡೇ ಬಂದಿದ್ದ.

"ಅಕ್ಕಾ, ನಿಮ್ಮ ಪ್ರತೀಲೂ ಜನವರಿಯಿಂದ ಹಂಗೇ ಇದ್ಯಾ?"

"ಹಂಗೇ ಇದೆ. ನನಗೂ ಇತ್ತಲ್ಲ ಅಶೋಕಣ್ಣ, ನಾನೇನು ಹೋದ್ನಾ? ಬಾಡಿಗೆ ವಸೂಲಿ ಪ್ರಮೋದಾಗೆ ವಹಿಸ್ಬಿಡಿ. ಮುಗೀತು."

"ಅಯ್ಯೋ, ನಾನು ಇದನ್ನೆಲ್ಲಾ ನಂಬೋನಲ್ಲ" ಎಂದು ದೊಡ್ಡದಾಗಿ ನಕ್ಕ. ನಗು ಮುಗಿದ ಮೇಲೂ ಬಾಯಿ ಮುಚ್ಚಲು ಮರೆತಿದ್ದ.

ಜನವರಿ ಐದರ ಬೆಳಗ್ಗೆ ಬಂದದ್ದು ಪ್ರಮೋದಾ. ಒಬ್ಬಳೇ ಮೆಟ್ಟಿಲು ಹತ್ತಿದ್ದನ್ನು ಕಂಡು ಶಶಿರೇಖಾ ಎದ್ದು ನಿಂತಳು. ಅವಳ ಕೈಯಲ್ಲಿ ಚೀಟಿ ಇದೆಯೇ ಎಂದು ಮೊದಲು ನೋಡಿದಳು. ಇರಲಿಲ್ಲ.

"ಯಜಮಾನ್ರು ಎಲ್ಲಮ್ಮ?"

"ಕಾರಲ್ಲಿ ಕೂತವ್ರೆ. ಬರಲ್ಲ ಅಂತಾರೆ, ನಂಗೊಂದೂ ಅರ್ಥ ಆಗ್ತಿಲ್ಲ" ಎಂದಳು ಪ್ರಮೋದಾ.

ಬೀದಿಯ ತುದಿಯಲ್ಲಿ ಕಾರು ನಿಂತಿತ್ತು. ಗಾಜು ಪೂರ್ತಿ ಏರಿಸಿ, ಹದಿಮೂರು ಸಾವಿರ ವಸೂಲಿಗೆ ಹೆಂಡತಿಯನ್ನು ಕಳಿಸಿ, ಆ ದೊಡ್ಡ ಮನುಷ್ಯ ತಲೆ ತಗ್ಗಿಸಿ ಕೂತಿದ್ದ. ಶಶಿರೇಖಾ ಬಾಯ್ತುಂಬ ಹೇಳಿದಳು, "ಹೋಗಿ ಬಾಮ್ಮ."

ಮಾರ್ಚ್ ಬಂತು. ಇಪ್ಪತ್ತನಾಲ್ಕನೇ ಸಾಲಿಗೂ ಸಹಿ ಬಿತ್ತು. ಅದರ ಕೆಳಗೆ ಬರೀ ಬಿಳಿ. ಅಶೋಕ ಫೋನಿನಲ್ಲೇ ಹೇಳಿದ, "ಹೊಸ ಪತ್ರ ಮಾಡಿ ಕಳಿಸಿ ಅಕ್ಕಾ. ಏರಿಕೆ ನೀವೇ ನೋಡಿ ಹಾಕಿ, ನಾನು ತಕರಾರು ಮಾಡಲ್ಲ. ಆದ್ರೆ ಆ ಹೆಸರಿನ ಮನೆ ಎರಡು ಬೇಡ, ತೆಗೆಸ್ಬಿಡಿ."

ಅವಳಿಗೂ ಅದೇ ಬೇಕಿತ್ತು. ಆದರೆ ಮುರಳಿ ಹಳೇ ಫೈಲನ್ನೇ ತೆಗೆದು, ತಾರೀಕು ಮೊತ್ತ ತಿದ್ದಿ, ಹೆಸರಿನ ಮನೆಗಳನ್ನು ಹಾಗೇ ಉಳಿಸಿ ಅಚ್ಚು ಹಾಕಿ ಕಳಿಸಿದ್ದ. ಹೆಸರು ಬರೆಯದೆ ಖಾಲಿ ಬಿಟ್ಟರಾಯಿತು ಎಂದು ಶಶಿರೇಖಾ ಹಾಳೆಗಳನ್ನು ಗಲ್ಲಾದ ಮೇಲಿಟ್ಟು, ಅಡಿಯಲ್ಲಿ ಸಹಿ ಮಾತ್ರ ಹಾಕೋಣವೆಂದು ಪೆನ್ನು ಹಿಡಿದಳು. ಹೊರಗೆ ಬಿಸಿಲು ಜೋರಾಗಿತ್ತು. ಯಾರೋ ಗಿರಾಕಿ ಕರ್ಪೂರ ಕೇಳಿದರು, ದಿವ್ಯ ಕೊಟ್ಟಳು. ಇನ್ಯಾರೋ ಗೆಜ್ಜೆವಸ್ತ್ರ ಕೇಳಿದರು.

"ಅಮ್ಮಾ, ಹೆಸರಿನ ಮನೆ ಬೇಡ ಅಂತಿದ್ದೆ, ಎಲ್ಲಾ ತುಂಬ್ಸಿಬಿಟ್ಟಿದ್ದೀಯಲ್ಲ" ಎಂದಳು ದಿವ್ಯ, ಹಾಳೆಯನ್ನು ತನ್ನ ಕಡೆ ಎಳೆದುಕೊಂಡು.

ಶಶಿರೇಖಾ ಬೆಚ್ಚಿ ನೋಡಿದಳು. ಪೆನ್ನು ಕೈಯಲ್ಲೇ ಇತ್ತು. ಬೆರಳು ನೋಯುತ್ತಿತ್ತು.

"ಪಡೆದವರು ಪೂರ್ತಿ ಪ್ರಮೋದಾ" ಎಂದು ಮಗಳು ಬೆರಳಿಟ್ಟು ಓದುತ್ತಾ ಹೋದಳು. "ಕೊಟ್ಟವರು ನಾನು, ನಾನು, ನಾನು... ಅರೆ, ಹನ್ನೊಂದನೇ ಸಾಲಿಂದ ಮತ್ತೆ ನಿನ್ನ ಹೆಸರು! ಯಾಕೆ, ಅಷ್ಟೊತ್ತಿಗೆ ನನ್ನ ಮದ್ವೆ ಮಾಡಿ ಕಳಿಸ್ಬೇಕು ಅಂತಾನಾ?"

"ಹೂಂ" ಎಂದಳು ಶಶಿರೇಖಾ. ಪೆನ್ನು ಕೆಳಗಿಟ್ಟಳು. "ಹೂಂ ಕಣೇ, ಮದ್ವೆ. ನಾಳೆಯಿಂದ್ಲೇ ಗಂಡು ನೋಡಣ. ನಾಳೆಯಿಂದ್ಲೇ."

ದಿವ್ಯ ನಕ್ಕು, ತೂಕದ ತಕ್ಕಡಿಯ ಪಕ್ಕದಲ್ಲಿ ಬೆಳಗಿನಿಂದ ಮಡಿಸಿಟ್ಟಿದ್ದ ಅಮ್ಮನ ಕನ್ನಡಕ ತೆಗೆದುಕೊಟ್ಟಳು.

"ತಗೋ, ಹಾಕ್ಕೊ. ಇದಿಲ್ದೆ ಅದ್ಹೆಂಗಮ್ಮ ಬರ್ದೆ?"